ಬೀದಿಯಲ್ಲಿ ಕ್ಯಾಮೆರಾ ಹಿಡಿಯುವ ಮುನ್ನ: ಒಪ್ಪಿಗೆ ಪತ್ರ ಪಡೆಯುವುದು ಹೇಗೆ?

ಎಡಿಟಿಂಗ್‌ಗೆ ಕೂತ ದಿನ ನನ್ನ ಮೇಜಿನ ಮೇಲೆ 11 ಒಪ್ಪಿಗೆ ಪತ್ರಗಳಿದ್ದವು. ಪರದೆಯ ಮೇಲೆ 14 ಮುಖಗಳಿದ್ದವು. ಅದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿತ್ತು. ಆ 11 ಪತ್ರಗಳಲ್ಲಿ ಯಾವುದು ಯಾರದ್ದು ಅಂತಲೇ ಗೊತ್ತಾಗುತ್ತಿರಲಿಲ್ಲ. ಹೆಸರಿದೆ, ಸಹಿಯಿದೆ, ತಾರೀಖಿದೆ. ಆದರೆ ಕೆಂಪು ಅಂಗಿಯ ಹುಡುಗ ಇವರಲ್ಲಿ ಯಾರು? ಮಕ್ಕಳು ಮೈದಾನದಲ್ಲಿ ಸೈಕಲ್ ಕಲಿಯುವುದರ ಬಗ್ಗೆ 6 ನಿಮಿಷದ ವಿಡಿಯೊ ಅದು. ಕೊನೆಗೆ ಒಳ್ಳೊಳ್ಳೆಯ ಶಾಟ್‌ಗಳನ್ನೇ ತೆಗೆದು ಹಾಕಬೇಕಾಯಿತು. ಅದೇ ಮೈದಾನವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಕೆಲಸವನ್ನು ಮೊದಲಿಂದ ನೋಡೋಣ.

ಮೊದಲು: ಯಾರಿಂದ ಪತ್ರ ಬೇಕು?

ಮೈದಾನದಲ್ಲಿ ಇರುವವರೆಲ್ಲರ ಸಹಿ ಬೇಕಿಲ್ಲ. ದೂರದಿಂದ ತೆಗೆದ ವೈಡ್ ಶಾಟ್‌ನಲ್ಲಿ ಆಚೆ ಈಚೆ ನಡೆದು ಹೋಗುವ ಜನರಿಗೆ ಬಹಳ ಕಡೆ ಪತ್ರ ಕೇಳುವುದಿಲ್ಲ. ಪತ್ರ ಬೇಕಾಗುವುದು ಕ್ಯಾಮೆರಾ ಒಬ್ಬರ ಮೇಲೆ ನಿಂತಾಗ. ಅಂದರೆ ಅವರ ಗುರುತು ಹತ್ತುವಂತಿದ್ದಾಗ, ಅವರು ಮಾತಾಡಿದಾಗ, ಅಥವಾ ಕಥೆ ಅವರ ಬಗ್ಗೆ ಏನನ್ನಾದರೂ ಹೇಳಿದಾಗ. ನಮ್ಮ ವಿಡಿಯೊದಲ್ಲಿ ಸೈಕಲ್ ಕಲಿಸುವ ತರಬೇತುದಾರ, ಕಲಿಯುವ ಮಕ್ಕಳು, ಪಕ್ಕದ ಮನೆ ಬಾಲ್ಕನಿಯಿಂದ ನೋಡುತ್ತಾ ಮಾತಾಡಿದ ಅಕ್ಕ, ಇವರೆಲ್ಲರಿಂದ ಪತ್ರ ಬೇಕು. ಮೈದಾನದ ಆಚೆ ಬದಿ ವಾಕಿಂಗ್ ಮಾಡುತ್ತಿದ್ದವರಿಂದ ಬೇಡ.

‘ಸಾರ್ವಜನಿಕ ಜಾಗ ಅಲ್ವಾ, ಯಾರನ್ನಾದರೂ ತೆಗೀಬಹುದು’ ಅನ್ನುವ ಮಾತು ಎಲ್ಲ ಕಡೆ ನಡೆಯುವುದಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 17 ವರ್ಷದ ಹುಡುಗಿಯೊಬ್ಬಳು ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದಾಗ ತೆಗೆದ ಫೋಟೊ ಅವಳನ್ನು ಕೇಳದೆ ಪತ್ರಿಕೆಯಲ್ಲಿ ಅಚ್ಚಾಯಿತು. ಜಾಗ ಸಾರ್ವಜನಿಕವೇ, ಫೋಟೊದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ 1998ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಅವಳ ಪರವಾಗಿ ತೀರ್ಪು ಕೊಟ್ಟು, 2,000 ಡಾಲರ್ ಪರಿಹಾರವನ್ನು ಎತ್ತಿ ಹಿಡಿಯಿತು. ಬೇರೆ ದೇಶಗಳಲ್ಲಿ ಇಷ್ಟು ಬಿಗಿ ಇಲ್ಲದಿರಬಹುದು. ಹಾಗಾಗಿ ವಿಡಿಯೊ ತೆಗೆಯುವ ಜಾಗದ ಕಾನೂನನ್ನು ಮೊದಲೇ ವಿಚಾರಿಸಿಕೊಳ್ಳಿ. ಜಾಹೀರಾತಿಗೆ ಬಳಸುವುದಾದರೆ ಬರಹದ ಒಪ್ಪಿಗೆ ಇಲ್ಲದೆ ಯಾರ ಮುಖವನ್ನೂ ತೋರಿಸಲೇಬೇಡಿ.

ಇನ್ನೊಂದು ತಪ್ಪು ಎಡಿಟಿಂಗ್‌ನಲ್ಲಿ ಆಗುತ್ತದೆ. ಸುಮ್ನೆ ಬೆಂಚಿನ ಮೇಲೆ ಕೂತ ವ್ಯಕ್ತಿಯ ಶಾಟ್ ಇದೆ ಅಂದುಕೊಳ್ಳಿ. ಅದರ ಮೇಲೆ ‘ಸಂಜೆಯಾದರೆ ಕುಡುಕರ ಕಾಟ’ ಅನ್ನುವ ಹಿನ್ನೆಲೆ ದನಿ ಬಂದರೆ, ನೋಡುವವರಿಗೆ ಅವರೇ ಕುಡುಕ. ಶಾಟ್‌ನಲ್ಲಿ ಸುಳ್ಳಿಲ್ಲ, ದನಿಯಲ್ಲೂ ಸುಳ್ಳಿಲ್ಲ. ಎರಡೂ ಸೇರಿದಾಗ ಒಬ್ಬರ ಮಾನ ಹೋಗುತ್ತದೆ. ಟೀಕೆಯ ಮಾತು ಬರುವ ಕಡೆ ದಾರಿಹೋಕರ ಮುಖ ಇಡಲೇಬೇಡಿ. ಚಕ್ರ, ನೆರಳು, ಖಾಲಿ ಬೆಂಚು ತೋರಿಸಿದರೆ ಸಾಕು.

ನೀವು ರಸ್ತೆಯಲ್ಲಿ ನಿಂತಿರಬಹುದು, ಆದರೆ ಲೆನ್ಸ್ ಯಾರದೋ ಮನೆಯ ಕಿಟಕಿಯೊಳಗೆ ಇಣುಕಿದರೆ ಅದು ಸಾರ್ವಜನಿಕ ಜಾಗದ ಶೂಟಿಂಗ್ ಆಗಿ ಉಳಿಯುವುದಿಲ್ಲ. ಬಾಲ್ಕನಿಯ ಅಕ್ಕನ ವಿಷಯದಲ್ಲಿ ನಾನು ಅದನ್ನೇ ಮರೆತಿದ್ದೆ. ಹಾಗೆಯೇ ಶಾಲೆಯ ಕಾಂಪೌಂಡ್ ಕೂಡ ಬೀದಿಯಲ್ಲ.

ಪತ್ರದಲ್ಲಿ ಏನು ಬರೆಯಬೇಕು?

ಇಂಟರ್ನೆಟ್‌ನಲ್ಲಿ ‘ರಿಲೀಸ್ ಫಾರಂ’ ಅನ್ನುವ ಹೆಸರಲ್ಲಿ ಸಿಗುವ ಸಿದ್ಧ ಒಪ್ಪಿಗೆ ಪತ್ರಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. ‘ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ, ಜಗತ್ತಿನಾದ್ಯಂತ, ಎಂದೆಂದಿಗೂ’ ಬಳಸುವ ಹಕ್ಕನ್ನು ಬರೆಸಿಕೊಳ್ಳುತ್ತವೆ. ಟಿವಿ ಚಾನೆಲ್‌ಗಳಿಗೆ, ವಿತರಕರಿಗೆ ಅದು ಬೇಕು. ಅವರಿಗೆ ಮಾರುವ ಉದ್ದೇಶ ನಿಮಗೂ ಇದ್ದರೆ ಅದನ್ನೇ ಬಳಸಿ, ಆದರೆ ಆ ಸಾಲನ್ನು ಎದುರಿಗಿರುವವರಿಗೆ ಬಿಡಿಸಿ ಹೇಳಿ. ಒಂದು ಪ್ರದರ್ಶನಕ್ಕೋ ಯೂಟ್ಯೂಬ್‌ಗೋ ಮಾಡುವ ಚಿಕ್ಕ ವಿಡಿಯೊಗೆ ಅಷ್ಟೆಲ್ಲ ಬೇಡ. ಒಂದೇ ಪುಟ, ಅವರು ದಿನಾ ಮಾತಾಡುವ ಭಾಷೆಯಲ್ಲಿ. ನಾನು ಈಗ ಬಳಸುವುದು ಹೀಗಿದೆ:

> ಈ ವಿಡಿಯೊ ಮಕ್ಕಳು ಸೈಕಲ್ ಕಲಿಯುವುದರ ಬಗ್ಗೆ. ತಯಾರಿಸುತ್ತಿರುವವರ ಹೆಸರು, ಫೋನ್: ______
> ನನ್ನ (ಬೇಕಾದ್ದಕ್ಕೆ ಮಾತ್ರ ಗುರುತು ಹಾಕಿ) ☐ ಮುಖ ☐ ದನಿ ☐ ಹೆಸರು ಬಳಸಲು ಒಪ್ಪಿಗೆ ಇದೆ.
> ಇದನ್ನು ತೋರಿಸಬಹುದಾದ ಕಡೆ: ☐ ಸಭೆ ಅಥವಾ ತರಗತಿ ☐ ಸ್ಪರ್ಧೆ, ಚಿತ್ರೋತ್ಸವ ☐ ಇಂಟರ್ನೆಟ್
> ವಿಡಿಯೊವನ್ನು ಕತ್ತರಿಸಿ ಜೋಡಿಸುತ್ತಾರೆ ಎಂದು ಗೊತ್ತಿದೆ. ಇದಕ್ಕೆ ಹಣ ಇಲ್ಲ.
> ______ ತಾರೀಖಿನೊಳಗೆ ಬೇಡ ಎಂದು ಹೇಳಿದರೆ ನನ್ನ ಭಾಗವನ್ನು ತೆಗೆಯುತ್ತಾರೆ.
> ಹೆಸರು, ಸಹಿ, ತಾರೀಖು. 18 ವರ್ಷದೊಳಗಿನವರಾದರೆ ತಂದೆ, ತಾಯಿ ಅಥವಾ ಪೋಷಕರ ಸಹಿ: ______

ಇದರಲ್ಲಿ ‘ಎಲ್ಲಿ ತೋರಿಸುತ್ತೇವೆ’ ಅನ್ನುವ ಸಾಲಿಗೇ ತೂಕ ಜಾಸ್ತಿ. ತರಗತಿಯಲ್ಲಿ 40 ಜನರ ಮುಂದೆ ತೋರಿಸಲು ಒಪ್ಪಿದ ತಾಯಿ ಇಂಟರ್ನೆಟ್‌ಗೆ ಒಪ್ಪಿದ್ದಾರೆ ಅಂತ ಅರ್ಥವಲ್ಲ. ಬಳಕೆ ಬದಲಾದರೆ ಮತ್ತೆ ಕೇಳಬೇಕು. ವಿಡಿಯೊದ ಥಂಬ್‌ನೇಲ್‌ಗೂ ಇದೇ ಮಾತು. ಗುಂಪಿನಲ್ಲಿ ಒಬ್ಬಳಾಗಿ ಕಾಣಲು ಒಪ್ಪಿದ ಹುಡುಗಿ, ದೊಡ್ಡದಾಗಿ ತನ್ನ ಮುಖ ಒಂದೇ ಕಾಣುವ ಚಿತ್ರವನ್ನು ನೋಡಿ ಬೆಚ್ಚಬಹುದು. ಅದಕ್ಕೆ ಬೇರೆಯಾಗಿ ಕೇಳಿ.

ಕೇಳುವುದು ಯಾವಾಗ, ಹೇಗೆ?

ಸಂದರ್ಶನವಾದರೆ ಕ್ಯಾಮೆರಾ ಶುರು ಮಾಡುವ ಮೊದಲೇ ಸಹಿ ಪಡೆಯಿರಿ. ಮಗು ಮೊದಲ ಸಲ ಬ್ಯಾಲೆನ್ಸ್ ಹಿಡಿದು ಕೂಗಿದ ಕ್ಷಣದಂಥದ್ದನ್ನು ಕಾಯಿಸಲು ಆಗುವುದಿಲ್ಲ. ಮೊದಲು ತೆಗೆಯಿರಿ, ಆದರೆ ಅವರು ಮೈದಾನ ಬಿಟ್ಟು ಹೋಗುವುದರೊಳಗೆ ಹೋಗಿ, ತೆಗೆದದ್ದನ್ನು ಕ್ಯಾಮೆರಾದಲ್ಲೇ ತೋರಿಸಿ ಕೇಳಿ. ಬೇಡ ಅಂದರೆ ಅವರ ಮುಂದೆಯೇ ಅಳಿಸಿ.

ಕ್ಯಾಮೆರಾವನ್ನು ಕೆಳಗಿಳಿಸಿ ಮಾತಾಡಿ. ವಿಡಿಯೊ ಯಾವುದರ ಬಗ್ಗೆ, ಎಲ್ಲಿ ಬರುತ್ತದೆ, ಬೇಡ ಅಂದರೆ ಏನೂ ಬೇಜಾರಿಲ್ಲ, ಈ ಮೂರನ್ನು ಹೇಳಿ. ಆಮೇಲೆ ಮುಖ ನೋಡಿ. ‘ಏನೋ ಮಾಡ್ಕೊಳ್ಳಿ’ ಅನ್ನುವುದು ಒಪ್ಪಿಗೆಯಲ್ಲ. ನಕ್ಕು ಮುಖ ಆಚೆ ತಿರುಗಿಸಿದರೂ ಅಲ್ಲ. ಪತ್ರವನ್ನು ಓದದೆ ಅವಸರದಲ್ಲಿ ಸಹಿ ಹಾಕುವವರೂ ಇರುತ್ತಾರೆ. ಅವರಿಗೆ ‘ಎಲ್ಲೆಲ್ಲಿ ತೋರಿಸಬಹುದು ಅಂತ ಒಂದ್ಸಲ ಹೇಳ್ತೀರಾ?’ ಅಂತ ಕೇಳಿ. ತಡವರಿಸಿದರೆ ಕುಳಿತು ಮತ್ತೆ ವಿವರಿಸಿ.

ಓದು ಬರಹ ಬಾರದ ದೊಡ್ಡವರಿಗೆ ಪತ್ರವನ್ನು ಓದಿ ಹೇಳಿ, ಒಪ್ಪಿಗೆಯನ್ನು ಕ್ಯಾಮೆರಾದಲ್ಲೇ ದಾಖಲಿಸಿ. ಬರೀ ‘ಹೂಂ’ ಸಾಲದು. ಹೆಸರು, ತಾರೀಖು, ವಿಡಿಯೊ ಯಾವುದರ ಬಗ್ಗೆ, ಎಲ್ಲಿ ತೋರಿಸಬಹುದು, ಇಷ್ಟನ್ನು ಅವರೇ ತಮ್ಮ ಮಾತಿನಲ್ಲಿ ಹೇಳಲಿ.

ಜನ ಜಾಸ್ತಿ ಸೇರುವ ಕಡೆ ಬಾಗಿಲಲ್ಲಿ ‘ಇಲ್ಲಿ ವಿಡಿಯೊ ತೆಗೆಯುತ್ತಿದ್ದೇವೆ, ಕಾಣಿಸಿಕೊಳ್ಳಲು ಇಷ್ಟವಿಲ್ಲದವರು ಎಡಬದಿ ಕೂರಬಹುದು’ ಅಂತ ಬೋರ್ಡ್ ಹಾಕಿ. ಆ ಬೋರ್ಡನ್ನೂ ಒಮ್ಮೆ ಶೂಟ್ ಮಾಡಿಡಿ. ಆದರೆ ಇದು ಗುಂಪಿನ ಶಾಟ್‌ಗೆ ಮಾತ್ರ. ಕ್ಲೋಸಪ್‌ಗೆ, ಮಕ್ಕಳಿಗೆ ಬೋರ್ಡ್ ಸಾಲದು.

ವಿದ್ಯಾರ್ಥಿಗಳಿದ್ದರೆ

ಹೆಚ್ಚಿನ ದೇಶಗಳಲ್ಲಿ 18 ತುಂಬದವರ ಸಹಿ ಒಂದೇ ಸಾಲುವುದಿಲ್ಲ, ಪೋಷಕರದ್ದು ಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಮುಖ್ಯೋಪಾಧ್ಯಾಯರ ಅನುಮತಿಯೇ ಸಾಕು ಅಂದುಕೊಳ್ಳುವುದು. ಅವರು ಕೊಡುವುದು ಜಾಗಕ್ಕೆ ಅನುಮತಿ, ಮಗುವಿನ ಮುಖಕ್ಕಲ್ಲ. ತರಗತಿಯ ಟೀಚರ್ ಕೂಡ ಎಲ್ಲ ಮಕ್ಕಳ ಪರವಾಗಿ ಸಹಿ ಹಾಕುವಂತಿಲ್ಲ.

ಪತ್ರಗಳನ್ನು ಒಂದು ವಾರ ಮೊದಲೇ ಮನೆಗೆ ಕಳಿಸಿ. ಶೂಟಿಂಗ್ ದಿನ ಬೆಳಿಗ್ಗೆ ಕೊಟ್ಟರೆ ಪೋಷಕರು ಮಗುವಿನ ಮುಖ ನೋಡಿ ಸಹಿ ಹಾಕಿಬಿಡುತ್ತಾರೆ. ಪೋಷಕರು ಒಪ್ಪಿದ ಮೇಲೂ ಮಗುವನ್ನು ಕೇಳಬೇಕು, ಅದೂ ಟೀಚರ್ ಪಕ್ಕದಲ್ಲಿ ಇಲ್ಲದಾಗ. ಅವರು ನಿಂತಿದ್ದರೆ ಯಾವ ಮಗುವೂ ‘ಬೇಡ’ ಅನ್ನುವುದಿಲ್ಲ. ನಮ್ಮ ಮೈದಾನದಲ್ಲಿ 14 ವರ್ಷದ ಹುಡುಗಿಯ ತಾಯಿ ಒಪ್ಪಿದ್ದರು. ಹುಡುಗಿ ಮಾತ್ರ ‘ನಾನು ಬೀಳೋದು ತೋರಿಸಬೇಡಿ’ ಅಂದಳು. ಅದು ತಾಯಿಗೆ ಹೊಳೆದೇ ಇರಲಿಲ್ಲ. ಪತ್ರದ ಹಿಂಬದಿ ಆ ಮಾತನ್ನು ಬರೆದುಕೊಂಡೆ.

ಪತ್ರ ಬಾರದ ಮಕ್ಕಳನ್ನು ಹೊರಗೆ ಕಳಿಸಬೇಡಿ. ಅದು ಶಿಕ್ಷೆಯಂತಾಗುತ್ತದೆ. ಅವರನ್ನು ಒಂದೇ ಬದಿಗೆ ಕೂರಿಸಿ, ಕ್ಯಾಮೆರಾವನ್ನು ಆ ಬದಿಯಲ್ಲೇ ಅವರಿಗೆ ಬೆನ್ನಾಗಿ ಇಡಿ. ಯೂನಿಫಾರ್ಮ್‌ನ ಬ್ಯಾಡ್ಜ್, ನೋಟ್‌ಬುಕ್ ಮೇಲಿನ ಹೆಸರು ಚೌಕಟ್ಟಿನೊಳಗೆ ಬರದಂತೆ ನೋಡಿಕೊಳ್ಳಿ.

ಪತ್ರಕ್ಕೂ ಮುಖಕ್ಕೂ ಗಂಟು ಹಾಕಿ

ನನ್ನ 11 ಪತ್ರಗಳ ಕಥೆಗೆ ಮದ್ದು ತುಂಬಾ ಸುಲಭದ್ದು. ಪ್ರತಿ ಪತ್ರಕ್ಕೂ ಒಂದು ನಂಬರ್ ಕೊಡಿ. ಸಹಿಯಾದ ಕೂಡಲೇ ಆ ವ್ಯಕ್ತಿ ಪತ್ರವನ್ನು ಎದೆಯ ಹತ್ತಿರ ಹಿಡಿದಿರುವ ಫೋಟೊ ತೆಗೆದುಕೊಳ್ಳಿ, ನಂಬರ್ ಕಾಣಬೇಕು. ಆ ದಿನ ರಾತ್ರಿಯೇ ಒಂದು ಹಾಳೆಯಲ್ಲಿ ಹೀಗೆ ಬರೆದಿಡಿ: ‘7. ಕೆಂಪು ಅಂಗಿ, ನೀಲಿ ಸೈಕಲ್. ಕ್ಲಿಪ್ 23, 31. ಮುಖ ಸರಿ, ಹೆಸರು ಬೇಡ, ಇಂಟರ್ನೆಟ್ ಸರಿ.’ ಎಡಿಟಿಂಗ್ ಮಾಡುವವರು ಬೇರೆಯವರಾದರೆ ಅವರಿಗೆ ಪತ್ರಗಳಲ್ಲ, ಈ ಹಾಳೆ ಕೊಡಿ. ಪತ್ರದಲ್ಲಿ ಫೋನ್ ನಂಬರ್, ಪೋಷಕರ ಹೆಸರು ಇರುತ್ತವೆ, ಅವು ಬೀಗದ ಒಳಗಿರಲಿ.

‘ಈಗ ಬೇಡ’ ಅಂದರೆ?

ಯುರೋಪಿಯನ್ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ಮಾಹಿತಿ ರಕ್ಷಣೆಯ ನಿಯಮ, ಒಪ್ಪಿಗೆ ಹಿಂದೆಗೆದುಕೊಳ್ಳುವುದು ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿರಬೇಕು ಅನ್ನುತ್ತದೆ. ಅಂಥ ನಿಯಮ ಇಲ್ಲದ ಕಡೆ ಸಹಿಯಾದ ಪತ್ರ ನಿಮ್ಮ ಪರವಾಗಿ ಇರಬಹುದು. ಆದರೂ ನೆರೆಹೊರೆಯವರು ಬೇಡ ಅಂದದ್ದನ್ನು ಇಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಮುಖ ಬ್ಲರ್ ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ಪರಿಚಯದವರು ನಡಿಗೆಯಿಂದ, ದನಿಯಿಂದ, ಸೈಕಲ್ ಬಣ್ಣದಿಂದ ಗುರುತು ಹಿಡಿಯುತ್ತಾರೆ. ಬ್ಲರ್ ಮಾಡಿದ ತುಣುಕನ್ನು ದನಿಯ ಸಮೇತ ಅವರಿಗೇ ತೋರಿಸಿ. ಅವರಿಗೆ ಸಮಾಧಾನವಾಗದಿದ್ದರೆ ಶಾಟನ್ನೇ ತೆಗೆದು ಹಾಕಿ.

ಬಾಲ್ಕನಿಯ ಅಕ್ಕನ ಹತ್ತಿರ ಎರಡನೇ ಸಲ ಹೋದಾಗ ಹೊಸ ಪತ್ರ ಕೊಟ್ಟೆ. ಅವರು ಕನ್ನಡಕ ತಂದು ನಿಧಾನವಾಗಿ ಓದಿದರು. ‘ದನಿ’ ಅನ್ನುವ ಒಂದೇ ಚೌಕಕ್ಕೆ ಗುರುತು ಹಾಕಿದರು. ಮನೆ ಕಾಣಬಾರದು, ಮುಖ ಬೇಡ, ಮಾತು ಇರಲಿ ಅಂದರು. ಈಗ ವಿಡಿಯೊದಲ್ಲಿ ಪುಟ್ಟ ಸೈಕಲ್‌ನ ಚಕ್ರ ತಿರುಗುವಾಗ ಅವರ ದನಿ ಕೇಳುತ್ತದೆ. ಅಪ್‌ಲೋಡ್ ಮಾಡುವ ಮುನ್ನ ಅವರಿಗೆ ಕೇಳಿಸಿದೆ. ಮಗ ಸೈಕಲ್‌ನಿಂದ ಬಿದ್ದ ಕಥೆಯಲ್ಲಿ ಅವನ ಹೆಸರು ಒಮ್ಮೆ ಬಂದಿತ್ತು. ‘ಅದೊಂದು ತೆಗೆದುಬಿಡಿ’ ಅಂದರು. ತೆಗೆದೆ.