ಹೊಸಬರಿಗೆ ಮಾರ್ಗದರ್ಶಿ: ಭಾರತದ ಕ್ರೆಡಿಟ್ ಕಾರ್ಡ್, ಪೌಂಡಿನ ಖರೀದಿ ಮತ್ತು ವಾಪಸು ಕೊಟ್ಟ ಸಾಮಾನಿನ ಹಣ

ಬ್ರಿಟನ್ನಿಗೆ ಬಂದ ಮೊದಲ ವಾರಗಳಲ್ಲಿ, ಇಲ್ಲಿನ ಬ್ಯಾಂಕ್ ಖಾತೆ ಕೈಗೆ ಬರುವ ತನಕ, ಹಾಸಿಗೆಯಿಂದ ಹಿಡಿದು ಮಕ್ಕಳ ಚಳಿಗಾಲದ ಕೋಟಿನವರೆಗೆ ಬಹಳಷ್ಟನ್ನು ಊರಿನಿಂದ ತಂದ ಕ್ರೆಡಿಟ್ ಕಾರ್ಡಿನಲ್ಲೇ ಕೊಳ್ಳಬೇಕಾಗುತ್ತದೆ. ಸ್ಟೇಟ್‌ಮೆಂಟ್ ಬಂದಾಗ ಅದರಲ್ಲಿರುವ ರೂಪಾಯಿ ಮೊತ್ತ ಕೊಂಡ ದಿನ ಎಸ್‌ಎಂಎಸ್‌ನಲ್ಲಿ ಕಂಡ ಮೊತ್ತಕ್ಕೆ ಹೊಂದುವುದಿಲ್ಲ. ವಸ್ತುವನ್ನು ವಾಪಸು ಕೊಟ್ಟಿದ್ದರೆ, ಮರಳಿದ ಹಣವೂ ಕೊಟ್ಟ ಹಣಕ್ಕೆ ಸರಿಯಾಗುವುದಿಲ್ಲ. ಇದಕ್ಕೆ ಕಾರಣ ಎರಡು: ಪೌಂಡನ್ನು ರೂಪಾಯಿಗೆ ಪರಿವರ್ತಿಸುವುದು ಯಾವ ದಿನದ ದರದಲ್ಲಿ ಎಂಬುದು, ಮತ್ತು ಅದರ ಮೇಲೆ ಬ್ಯಾಂಕ್ ಹಾಕುವ ಶುಲ್ಕ.

ಇಲ್ಲಿ ಮೂರು ದಿನಾಂಕಗಳನ್ನು ಬೇರೆಬೇರೆಯಾಗಿ ನೋಡಬೇಕು. ಅಂಗಡಿಯಲ್ಲಿ ಕಾರ್ಡ್ ತೋರಿಸಿದ್ದು ವಹಿವಾಟಿನ ದಿನ. ಆಗ ಬ್ಯಾಂಕ್ ಅಂದಾಜು ಮೊತ್ತವನ್ನು ತಡೆಹಿಡಿಯುತ್ತದೆ. ಎಸ್‌ಎಂಎಸ್‌ನಲ್ಲಿ ಬರುವುದು ಅದೇ. ಅಂಗಡಿ ತನ್ನ ಲೆಕ್ಕವನ್ನು ಕಳುಹಿಸಿದ ಮೇಲೆ, ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ, ಅದು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲದ ಮೂಲಕ ಹಾದು ಕಾರ್ಡಿನ ಲೆಕ್ಕಕ್ಕೆ ಏರುತ್ತದೆ. ಅಂತಿಮ ದರ ಬಹುತೇಕ ನಿಗದಿಯಾಗುವುದು ಈ ಹಂತದಲ್ಲಿಯೇ. ಮೂರನೆಯದಾದ ಬಿಲ್ಲಿಂಗ್ ದಿನಾಂಕಕ್ಕೂ ದರಕ್ಕೂ ಯಾವ ಸಂಬಂಧವೂ ಇಲ್ಲ. ಬಿಲ್ ಬರುವ ದಿನ ರೂಪಾಯಿ ಕುಸಿದರೆ ಹಳೆಯ ಖರೀದಿಗಳೆಲ್ಲ ದುಬಾರಿಯಾಗುತ್ತವೆ ಎಂಬ ಆತಂಕಕ್ಕೆ ಆಧಾರವಿಲ್ಲ.

ಒಂದು ಲೆಕ್ಕ ನೋಡೋಣ. ಇದರಲ್ಲಿನ ದರಗಳು ಉದಾಹರಣೆಗಷ್ಟೇ. ಶನಿವಾರ 400 ಪೌಂಡಿನ ಹಾಸಿಗೆ ಕೊಂಡಿರಿ. ಪೌಂಡಿಗೆ 110 ರೂಪಾಯಿಯಂತೆ 44,000 ರೂಪಾಯಿಯ ಎಸ್‌ಎಂಎಸ್ ಬಂತು. ಮಂಗಳವಾರ ಅದು ಲೆಕ್ಕಕ್ಕೆ ಏರುವಾಗ ದರ 110.50 ಆಗಿದ್ದರಿಂದ ಮೊತ್ತ 44,200 ಆಯಿತು. ಇದರ ಮೇಲೆ ಬ್ಯಾಂಕಿನ ವಿದೇಶಿ ಕರೆನ್ಸಿ ಮಾರ್ಕಪ್ ಸೇರುತ್ತದೆ. ಹಲವು ಕಾರ್ಡುಗಳಲ್ಲಿ ಅದು ಶೇ 3.5, ಅಂದರೆ ಇಲ್ಲಿ 1,547 ರೂಪಾಯಿ. ಆ ಮಾರ್ಕಪ್ಪಿನ ಮೇಲೆ ಶೇ 18 ಜಿಎಸ್‌ಟಿ, 278.46 ರೂಪಾಯಿ. ಒಟ್ಟು 46,025.46. ಮಾರ್ಕಪ್ ಮತ್ತು ಜಿಎಸ್‌ಟಿ ಎಷ್ಟೋ ಸಲ ಪ್ರತ್ಯೇಕ ಸಾಲುಗಳಲ್ಲಿ ಇರುವುದರಿಂದ, ಖರೀದಿಯ ಸಾಲನ್ನು ಮಾತ್ರ ನೋಡಿ ಲೆಕ್ಕ ಮುಗಿಸಬಾರದು.

ಹಾಸಿಗೆ ಹೊಂದಲಿಲ್ಲವೆಂದು ವಾಪಸು ಕೊಟ್ಟಿರಿ ಎಂದುಕೊಳ್ಳಿ. ಅಂಗಡಿ ಪೂರ್ತಿ 400 ಪೌಂಡನ್ನೂ ಮರಳಿಸುತ್ತದೆ. ಆದರೆ ಕಾರ್ಡ್ ಜಾಲದ ಕಣ್ಣಿಗೆ ಅದು ಹೊಸ ವಹಿವಾಟು; ಅದಕ್ಕೆ ಅಂದಿನ ದರವೇ ಅನ್ವಯ. ಮೂರು ವಾರಗಳ ಬಳಿಕ ದರ 108.70ಕ್ಕೆ ಇಳಿದಿದ್ದರೆ 43,480 ರೂಪಾಯಿ ಬರುತ್ತದೆ. ಮಾರ್ಕಪ್ಪನ್ನೂ ಅದರ ಜಿಎಸ್‌ಟಿಯನ್ನೂ ಬ್ಯಾಂಕುಗಳು ಸಾಮಾನ್ಯವಾಗಿ ಮರಳಿಸುವುದಿಲ್ಲ. ಹೀಗೆ ಒಟ್ಟು 2,545.46 ರೂಪಾಯಿ ಕೈಬಿಡುತ್ತದೆ. ಅದರಲ್ಲಿ ದರದ ವ್ಯತ್ಯಾಸ 720 ಮಾತ್ರ, ಉಳಿದದ್ದು ಶುಲ್ಕ. ದರ ಏರಿದ್ದರೆ ಆ ಭಾಗ ನಿಮಗೆ ಲಾಭವಾಗಬಹುದು, ಶುಲ್ಕವಂತೂ ಹೋದದ್ದೇ.

ಆದ್ದರಿಂದ ವಾಪಸು ಕೊಡಬೇಕಾದೀತು ಎನಿಸುವ ವಸ್ತುಗಳನ್ನು, ಮುಖ್ಯವಾಗಿ ಎರಡು ಮೂರು ಅಳತೆಗಳಲ್ಲಿ ತರಿಸಿ ನೋಡುವ ಬೂಟು ಮತ್ತು ಕೋಟುಗಳನ್ನು, ಭಾರತದ ಕಾರ್ಡಿನಲ್ಲಿ ಕೊಳ್ಳದಿರುವುದೇ ಲೇಸು. ಇಲ್ಲಿನ ಡೆಬಿಟ್ ಕಾರ್ಡ್ ಬರುವವರೆಗೆ ಪೌಂಡ್ ತುಂಬಿಸಿದ ಫಾರೆಕ್ಸ್ ಕಾರ್ಡ್ ಬಳಸಿದರೆ ಮರುಪಾವತಿಯೂ ಪೌಂಡಿನಲ್ಲೇ ಬರುತ್ತದೆ. ಅಂಗಡಿಯಿಂದ ಹೊರಡುವ ಮುನ್ನವೇ ಮನಸ್ಸು ಬದಲಾದರೆ, ಮರುಪಾವತಿಯ ಬದಲು ಮೂಲ ವಹಿವಾಟನ್ನೇ ರದ್ದುಮಾಡಲು ಸಾಧ್ಯವೇ ಎಂದು ಕೇಳಿ. ಲೆಕ್ಕಕ್ಕೆ ಏರುವ ಮೊದಲೇ ರದ್ದಾದರೆ ಪರಿವರ್ತನೆಯೂ ಇಲ್ಲ, ಮಾರ್ಕಪ್ಪೂ ಇಲ್ಲ. ಕಾರ್ಡ್ ಯಂತ್ರ ರೂಪಾಯಿಯೋ ಪೌಂಡೋ ಎಂದು ಕೇಳಿದಾಗ ಪೌಂಡನ್ನೇ ಒತ್ತಿ. ರೂಪಾಯಿ ಒತ್ತಿದರೆ ಅಂಗಡಿಯ ಕಡೆಯವರ ದರ ಬೀಳುತ್ತದೆ, ಅದು ಹೆಚ್ಚಾಗಿ ದುಬಾರಿ.

ಆನ್‌ಲೈನ್ ಖರೀದಿಯಲ್ಲಿ ಸಾಮಾನು ಕೈಸೇರಿದ 14 ದಿನಗಳೊಳಗೆ ಕಾರಣ ಹೇಳದೆಯೇ ರದ್ದುಮಾಡುವ ಹಕ್ಕನ್ನು ಇಲ್ಲಿನ 2013ರ ಗ್ರಾಹಕ ನಿಯಮಗಳು ಬಹುತೇಕ ವಸ್ತುಗಳಿಗೆ ಕೊಡುತ್ತವೆ. ವಾಪಸು ಕಳುಹಿಸಿದ ಸಾಮಾನು ಮಾರಾಟಗಾರನಿಗೆ ತಲುಪಿದ 14 ದಿನಗಳೊಳಗೆ ಹಣ ಮರಳಬೇಕು. ಅಂಗಡಿಗೆ ಹೋಗಿ ಕೊಂಡದ್ದಕ್ಕೆ ಈ ಹಕ್ಕಿಲ್ಲ. ಅಲ್ಲಿ ಅಂಗಡಿಯ ನಿಯಮವೇ ನಡೆಯುತ್ತದೆ.

ಈ ಅವಧಿಯ ನಡುವೆ ಕಾರ್ಡಿನ ಬಿಲ್ ಕಟ್ಟುವ ಕೊನೆಯ ದಿನ ಬಂದರೆ, ಮರುಪಾವತಿಯನ್ನು ನಂಬಿ ಆ ಮೊತ್ತವನ್ನು ಕಳೆದು ಕಟ್ಟಬೇಡಿ. ಕೊನೆಯ ದಿನದೊಳಗೆ ಬಂದ ಮರುಪಾವತಿಯನ್ನು ಬಾಕಿಗೆ ಹೊಂದಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದಾದರೂ, ಹಣ ಒಂದು ದಿನ ತಡವಾದರೆ ಬಡ್ಡಿ ಖರೀದಿಯ ದಿನದಿಂದಲೇ ಬೀಳುತ್ತದೆ. ಪೂರ್ತಿ ಕಟ್ಟಿಬಿಡಿ, ನಂತರ ಬಂದ ಹಣ ಕಾರ್ಡಿನಲ್ಲಿ ಜಮೆಯಾಗಿ ಇರುತ್ತದೆ.

ಹಣ ಕಳುಹಿಸಿದ್ದೇವೆಂದು ಅಂಗಡಿಯವರು ಹೇಳಿ, ಬ್ಯಾಂಕಿನವರು ಬಂದಿಲ್ಲವೆಂದರೆ, ಅಂಗಡಿಯಿಂದ ಎಆರ್‌ಎನ್ ಎಂಬ 23 ಅಂಕಿಗಳ ಸಂಖ್ಯೆಯನ್ನು ಕೇಳಿ ಪಡೆಯಿರಿ. ಅದನ್ನು ಕೊಟ್ಟರೆ ಬ್ಯಾಂಕ್ ಹಣದ ಜಾಡನ್ನು ಹುಡುಕಬಲ್ಲದು. ಅಲ್ಲಿಯವರೆಗೆ ಆ ಕಾರ್ಡನ್ನು ಮುಚ್ಚಬೇಡಿ. ಮರುಪಾವತಿ ಬರುವುದು ಸಾಮಾನ್ಯವಾಗಿ ಹಣ ಕೊಟ್ಟ ಕಾರ್ಡಿಗೇ.