ನಲವತ್ತೆಂಟು ಪೈಸೆಯ ಕೊರತೆ: ಬಾಂಡ್ ಬೆಲೆಯನ್ನು ನಾನೇ ಕಟ್ಟಿದ ಬಗೆ

ಮಲೆನಾಡಿನ ಒಂದು ಪಟ್ಟಣ ಸಹಕಾರಿ ಬ್ಯಾಂಕಿನಲ್ಲಿ ಹೂಡಿಕೆಯ ಕಡತಗಳು ನನ್ನ ಮೇಜಿಗೆ ಬಂದದ್ದು 2021ರ ಕೊನೆಯಲ್ಲಿ. ಎಸ್‌ಎಲ್‌ಆರ್‌ಗೆ ಸರ್ಕಾರಿ ಬಾಂಡ್ ಕೊಳ್ಳಲೇಬೇಕು, ಕೊಳ್ಳುತ್ತಿದ್ದೆವು. ಬೆಲೆಯನ್ನು ಬ್ರೋಕರ್ ಹೇಳುತ್ತಿದ್ದರು, ನಾವು ಒಪ್ಪುತ್ತಿದ್ದೆವು. ಈ ಬೆಲೆ ಎಲ್ಲಿಂದ ಬಂತು ಎಂದು ಕೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಅದನ್ನು ಮುಂಬೈಯವರು ನೋಡಿಕೊಳ್ಳುತ್ತಾರೆ. ನೀವು ವೋಚರ್ ಸರಿಯಾಗಿ ಹಾಕಿ, ಸಾಕು" ಎಂದರು. ಇಂದು ಅದೇ ಬ್ಯಾಂಕಿನಲ್ಲಿ ನನ್ನ ಎಕ್ಸೆಲ್ ಹಾಳೆ ತೋರಿಸುವ ಬೆಲೆ ನೋಡದೆ ಯಾವ ಖರೀದಿಯೂ ಆಗುವುದಿಲ್ಲ. ಆ ಹಾಳೆ ಹೇಗೆ ಸರಿಯಾಯಿತು ಎಂಬುದನ್ನು ಈ ಕೆಲಸ ಮಾಡುವವರಿಗಾಗಿ ಬರೆಯುತ್ತಿದ್ದೇನೆ.

ನಾನು ಕಲಿತದ್ದು ಒಂದೇ ಬಾಂಡ್‌ನಿಂದ: `6.54% GS 2032`. 2032ರ ಜನವರಿ 17ಕ್ಕೆ ಅದರ ಅವಧಿ ಮುಗಿಯುತ್ತದೆ. ಬಡ್ಡಿ ಪ್ರತಿ ಜನವರಿ 17 ಮತ್ತು ಜುಲೈ 17ಕ್ಕೆ, ನೂರು ರೂಪಾಯಿ ಮುಖಬೆಲೆಗೆ 3.27 ರೂಪಾಯಿಯಂತೆ ಬರುತ್ತದೆ. 2022ರ ಫೆಬ್ರವರಿಯಲ್ಲಿ ಎರಡು ಕೋಟಿ ಮುಖಬೆಲೆಯಷ್ಟನ್ನು 98.50ರ ಆಸುಪಾಸಿನಲ್ಲಿ ಕೊಂಡೆವು. ಇತ್ಯರ್ಥದ ದಿನ ಫೆಬ್ರವರಿ 17. ಖಾತೆಯಲ್ಲಿ ಲೆಕ್ಕ ಹಾಕಿ 1.97 ಕೋಟಿ ಇಟ್ಟಿದ್ದೆ. ಬಂದ ಬೇಡಿಕೆ ಅದಕ್ಕಿಂತ 1,09,000 ರೂಪಾಯಿ ಹೆಚ್ಚು! ಮಧ್ಯಾಹ್ನದೊಳಗೆ ಹಣ ಹೊಂದಿಸಲು ಪಟ್ಟ ಪಾಡು ನನಗೆ ಇನ್ನೂ ನೆನಪಿದೆ.

ಆ ಲಕ್ಷದ ಒಂಬತ್ತು ಸಾವಿರ ಸಂಚಿತ ಬಡ್ಡಿ. ಜನವರಿ 17ರಿಂದ ಒಂದು ತಿಂಗಳು ಬಾಂಡ್ ಇಟ್ಟುಕೊಂಡವನು ಮಾರುವವನು, ಜುಲೈಯಲ್ಲಿ ಆರೂ ತಿಂಗಳ ಬಡ್ಡಿ ಪಡೆಯುವವನು ನಾನು. ಅವನ ಪಾಲನ್ನು ಕೊಳ್ಳುವಾಗಲೇ ಕೊಡಬೇಕು. ಬ್ರೋಕರ್ ಹೇಳುವುದು ಈ ಪಾಲನ್ನು ಕಳೆದ ಕ್ಲೀನ್ ಬೆಲೆ, ಖಾತೆಯಿಂದ ಹೋಗುವುದು ಅದನ್ನು ಸೇರಿಸಿದ ಡರ್ಟಿ ಬೆಲೆ. ಇದು ನಿಮಗೆಲ್ಲ ಗೊತ್ತಿರುವ ಮಾತು. ಆದರೆ ಹಾಳೆ ಕಟ್ಟುವಾಗ ಮೊದಲು ಬರುವುದು ಡರ್ಟಿ ಬೆಲೆ. ಕ್ಲೀನ್ ಬೆಲೆ ಬರುವುದು ಅದರಿಂದ ಬಡ್ಡಿಯನ್ನು ಕಳೆದ ಮೇಲೆ. ನಾನು ಇದನ್ನು ತಿರುಗುಮುರುಗಾಗಿ ಮಾಡಿ ಮೂರು ವಾರ ಕಳೆದೆ.

ಆಮೇಲೆ ಮೇ 4 ಬಂತು. ನಿಗದಿತ ಸಭೆಗೂ ಮೊದಲೇ ರಿಸರ್ವ್ ಬ್ಯಾಂಕ್ ರೆಪೊ ದರವನ್ನು 4.00ರಿಂದ 4.40ಕ್ಕೆ ಏರಿಸಿತು. ಜೂನ್ ಮಧ್ಯದ ಹೊತ್ತಿಗೆ ಹತ್ತು ವರ್ಷದ ಯೀಲ್ಡ್ ಏಳೂವರೆ ದಾಟಿತ್ತು. ನಾವು 98.50ಕ್ಕೆ ಕೊಂಡದ್ದರ ಬೆಲೆ 93ರ ಮೇಲೆ ಸ್ವಲ್ಪ. ಆ ತ್ರೈಮಾಸಿಕದಲ್ಲಿ ಎರಡು ಕೋಟಿಗೆ ಹತ್ತು ಲಕ್ಷದಷ್ಟು ಸವಕಳಿ ತೋರಿಸಬೇಕಾಯಿತು. ಆಡಳಿತ ಮಂಡಳಿಯ ಸಭೆಯಲ್ಲಿ ಅಡಿಕೆ ವ್ಯಾಪಾರಿಯಾದ ನಿರ್ದೇಶಕರೊಬ್ಬರು ಎದ್ದು, "ಸರ್ಕಾರ ಬಡ್ಡಿ ಕೊಡುವುದನ್ನು ನಿಲ್ಲಿಸಿಲ್ಲ, ಅಸಲು ಎಲ್ಲೂ ಹೋಗಿಲ್ಲ. ಬಡ್ಡಿ ದರ ಏರಿದರೆ ಬ್ಯಾಂಕಿಗೆ ಲಾಭ ಬರಬೇಕು. ಹತ್ತು ಲಕ್ಷ ಹೇಗೆ ಕರಗಿತು?" ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಪಠ್ಯದ ಸೂತ್ರ ಇತ್ತು, ಅದು ಅವರಿಗೆ ಉತ್ತರವಾಗುತ್ತಿರಲಿಲ್ಲ.

ಉತ್ತರ ಹುಡುಕಲು ಬಾಂಡನ್ನು ಕಂತು ಕಂತಾಗಿ ಬಿಡಿಸಿದೆ. ಲೆಕ್ಕ ಸರಳವಾಗಲಿ ಎಂದು ಜನವರಿ 17, 2022ರಲ್ಲೇ ನಿಂತು ನೋಡೋಣ: ಮುಂದೆ ಸರಿಯಾಗಿ ಇಪ್ಪತ್ತು ಅರ್ಧವರ್ಷಗಳಿವೆ. ಯೀಲ್ಡ್ 7.50 ಎಂದರೆ ಅರ್ಧವರ್ಷಕ್ಕೆ 3.75. ಮೊದಲ ಕಂತಿನ 3.27ನ್ನು 1.0375ರಿಂದ ಒಮ್ಮೆ ಭಾಗಿಸಬೇಕು, ಎರಡನೆಯದನ್ನು ಎರಡು ಬಾರಿ, ಹೀಗೆ ಸಾಗಿ ಕೊನೆಯ ಕಂತನ್ನೂ ಅಸಲು ನೂರನ್ನೂ ಇಪ್ಪತ್ತು ಬಾರಿ. ಎಲ್ಲವನ್ನೂ ಕೂಡಿದರೆ 93.33. ಯೀಲ್ಡ್ 6.54 ಇದ್ದಿದ್ದರೆ ಸರಿಯಾಗಿ 100.

ಈ ಎರಡು ಕಾಲಂಗಳನ್ನು ಪಕ್ಕಪಕ್ಕ ಇಟ್ಟಾಗ ನನಗೆ ಮೊದಲ ಬೆಳಕು ಕಂಡಿತು. ಯೀಲ್ಡ್ ಏರಿದ್ದರಿಂದ ಮೊದಲ ಕಂತು ಕಳೆದುಕೊಂಡದ್ದು ಒಂದೂವರೆ ಪೈಸೆ ಮಾತ್ರ. ಕೊನೆಯಲ್ಲಿ ಬರುವ ನೂರು ರೂಪಾಯಿ ಅಸಲಿನ ಇಂದಿನ ಮೌಲ್ಯ 52.54ರಿಂದ 47.89ಕ್ಕೆ ಕುಸಿದಿತ್ತು. ಒಟ್ಟು 6.67 ರೂಪಾಯಿ ಇಳಿಕೆಯಲ್ಲಿ 4.65 ರೂಪಾಯಿ ಆ ಒಂದೇ ಸಾಲಿನದು. ಅಸಲು ಎಲ್ಲೂ ಹೋಗಿಲ್ಲ ಎಂಬ ನಿರ್ದೇಶಕರ ಮಾತು ನಿಜ. ಆದರೆ ಅದು ದೂರದಲ್ಲಿದೆ, ಆ ದೂರಕ್ಕೆ ತೆರಬೇಕಾದ ದರ ಏರಿತ್ತು.

ಆದರೂ ಇದನ್ನು ಸಭೆಯಲ್ಲಿ ಹೇಳುವಂತಿರಲಿಲ್ಲ. ಇನ್ನೊಂದು ದಾರಿ ಹೊಳೆದದ್ದು ಬಸ್ಸಿನಲ್ಲಿ ಮನೆಗೆ ಹೋಗುವಾಗ. ನಮ್ಮ ಬಾಂಡ್ ಆರು ತಿಂಗಳಿಗೆ 3.27 ಕೊಡುತ್ತದೆ, ಅದು ಬದಲಾಗುವುದಿಲ್ಲ. ಇಂದು ಹೊಸದಾಗಿ ಹಣ ಹಾಕುವವನಿಗೆ ಬೇರೆಡೆ 3.75 ಸಿಗುತ್ತದೆ. ಪ್ರತಿ ಕಂತಿಗೂ 48 ಪೈಸೆ ಕೊರತೆ. ಈ ಕೊರತೆಯನ್ನು ಯಾರು ತುಂಬಬೇಕು? ಸರ್ಕಾರ ತುಂಬುವುದಿಲ್ಲ. ಮಾರುವವನೇ ತುಂಬಬೇಕು, ಅದನ್ನೂ ಇಂದೇ, ಬೆಲೆಯನ್ನು ಇಳಿಸಿ. ಇಪ್ಪತ್ತು ಕಂತಿಗೆ 9.60 ಆಗುತ್ತದೆ, ಆದರೆ ಹತ್ತು ವರ್ಷದ ಕೊರತೆಯನ್ನು ಮುಂಗಡವಾಗಿ ಕೊಡುವುದರಿಂದ ಬಡ್ಡಿ ಕಳೆದು 6.67 ಸಾಕು. ಇಡೀ ಬಾಂಡ್ ಬೆಲೆ ಒಂದೇ ಸಾಲಿಗೆ ಇಳಿಯಿತು:

```
=100+(3.27-3.75)*(1-1.0375^-20)/0.0375
```

ಉತ್ತರ ಅದೇ 93.33. ಆವರಣದೊಳಗಿನ ವ್ಯತ್ಯಾಸ ಶೂನ್ಯವಾದರೆ ಬೆಲೆ ನೂರು, ಯೀಲ್ಡ್ ಕೂಪನ್‌ಗಿಂತ ಕೆಳಗಿಳಿದರೆ ನೂರಕ್ಕಿಂತ ಮೇಲೆ. ಮುಂದಿನ ಸಭೆಯಲ್ಲಿ ಇದನ್ನೇ ಹೇಳಿದೆ. "ಹಳೆಯ ಗೇಣಿಗೆ ಕೊಟ್ಟ ತೋಟವನ್ನು ಮಾರಿದ ಹಾಗೆ. ಗೇಣಿ ಏರಿಸುವಂತಿಲ್ಲ, ಆದ್ದರಿಂದ ತೋಟದ ಬೆಲೆ ಇಳಿಯಿತು" ಎಂದು ಆ ವ್ಯಾಪಾರಿ ತಾವೇ ಮುಗಿಸಿದರು. ನನಗಿಂತ ಚೆನ್ನಾಗಿ ಹೇಳಿದರು.

ಅರ್ಥವಾದದ್ದು ಸರಿ, ಆದರೆ ಮಾರುಕಟ್ಟೆಯ ಬೆಲೆಯೊಂದಿಗೆ ಪೈಸೆಗೆ ಪೈಸೆ ಹೊಂದಬೇಕಲ್ಲ? ಅಲ್ಲಿ ಮತ್ತೆರಡು ಬಾರಿ ಎಡವಿದೆ. ಮೊದಲಿಗೆ, ವರ್ಷಕ್ಕೆ ಒಂದು ಕಂತು ಎಂದುಕೊಂಡು 6.54ನ್ನು 7.50ರಲ್ಲಿ ಹತ್ತು ಬಾರಿ ಇಳಿಸಿದ್ದೆ. ಬಂದದ್ದು 93.41, ಎಂಟು ಪೈಸೆ ಹೆಚ್ಚು. ಎರಡು ಕೋಟಿಗೆ ಹದಿನಾರು ಸಾವಿರ ರೂಪಾಯಿ. ಎರಡನೆಯದು ದಿನಗಳ ಎಣಿಕೆ. ಜೂನ್ 17ಕ್ಕೆ ಇತ್ಯರ್ಥ ಎಂದಿಟ್ಟುಕೊಂಡರೆ ಕ್ಯಾಲೆಂಡರ್ ಪ್ರಕಾರ ಜನವರಿ 17ರಿಂದ 151 ದಿನ. 365ರಿಂದ ಭಾಗಿಸಿ ಸಂಚಿತ ಬಡ್ಡಿ 2.7056 ಎಂದು ಹಾಕಿದ್ದೆ. ಆದರೆ ನಮ್ಮ ಸರ್ಕಾರಿ ಬಾಂಡ್‌ಗಳಲ್ಲಿ ಪ್ರತಿ ತಿಂಗಳೂ ಮೂವತ್ತೇ ದಿನ, ವರ್ಷಕ್ಕೆ 360. ಐದು ತಿಂಗಳು ಎಂದರೆ 150 ದಿನ, ಬಡ್ಡಿ 2.7250. ಎರಡು ಕೋಟಿಗೆ ಸುಮಾರು ನಾಲ್ಕು ಸಾವಿರದ ವ್ಯತ್ಯಾಸ. ಟ್ರೆಷರಿ ಬಿಲ್‌ನ ಹಾಳೆಯನ್ನೇ ನಕಲು ಮಾಡಿದ್ದು ನನ್ನ ತಪ್ಪು, ಏಕೆಂದರೆ ಬಿಲ್‌ಗಳಲ್ಲಿ ನಿಜವಾದ ದಿನಗಳನ್ನೇ ಎಣಿಸಿ 365ರಿಂದ ಭಾಗಿಸುತ್ತಾರೆ.

ಸರಿಯಾದ ಹಾಳೆಯಲ್ಲಿ ಜನವರಿಯ 93.33ನ್ನು ಐದು ತಿಂಗಳು ಬೆಳೆಸಬೇಕು: 1.0375ರ ಘಾತ 150/180. ಡರ್ಟಿ ಬೆಲೆ 96.24, ಅದರಲ್ಲಿ 2.725 ಕಳೆದರೆ ಕ್ಲೀನ್ ಬೆಲೆ 93.51. ಎಕ್ಸೆಲ್‌ನಲ್ಲಿ ಒಂದೇ ಸಾಲಿನಲ್ಲಿ ಪರೀಕ್ಷಿಸಬಹುದು:

```
=PRICE(DATE(2022,6,17),DATE(2032,1,17),6.54%,7.50%,100,2,4)
```

ಕೊನೆಯ 2 ಎಂದರೆ ವರ್ಷಕ್ಕೆ ಎರಡು ಕಂತು, 4 ಎಂದರೆ ಮೂವತ್ತು ದಿನದ ತಿಂಗಳು. ಬ್ರೋಕರ್ ಕಳಿಸಿದ ಬೆಲೆಗೆ ನನ್ನ ಹಾಳೆಯ ಬೆಲೆ ಪೈಸೆಗೆ ಪೈಸೆ ಹೊಂದಿದ ದಿನ ಹಿರಿಯರ ಮೇಜಿಗೆ ಹೋಗಿ ಎರಡೂ ಕಾಗದ ಇಟ್ಟು ಬಂದೆ. ಅವರು ಕನ್ನಡಕ ಹಾಕಿಕೊಂಡು ಎರಡು ಬಾರಿ ನೋಡಿದರು.

ಹಾಳೆ ತಪ್ಪಿದೆಯೋ ಇಲ್ಲವೋ ಎಂದು ತಿಳಿಯಲು ನನ್ನ ಬಳಿ ಒಂದು ಪರೀಕ್ಷೆಯಿದೆ. ಯೀಲ್ಡ್ ಇರುವಲ್ಲಿ ಕೂಪನ್ ದರವನ್ನೇ ತುಂಬಿ, ಬಡ್ಡಿ ಬರುವ ದಿನವನ್ನೇ ಇತ್ಯರ್ಥ ದಿನ ಮಾಡಿ. ಬೆಲೆ ಸರಿಯಾಗಿ ನೂರು ಬರದಿದ್ದರೆ ಎಲ್ಲೋ ತಪ್ಪಿದೆ. ಎರಡು ಕಂತುಗಳ ನಡುವಿನ ದಿನಕ್ಕೆ ಮಾತ್ರ ಈ ಪರೀಕ್ಷೆ ನಡೆಯದು. ಜೂನ್ 17ಕ್ಕೆ 99.99 ಬರುತ್ತದೆ, ಏಕೆಂದರೆ ಬೆಲೆ ಚಕ್ರಬಡ್ಡಿಯಲ್ಲಿ ಬೆಳೆಯುತ್ತದೆ, ಸಂಚಿತ ಬಡ್ಡಿಯನ್ನು ಸರಳವಾಗಿ ಕಳೆಯುತ್ತೇವೆ. ಆ ಒಂದು ಪೈಸೆಯ ಹಿಂದೆ ನಾನು ಎರಡು ದಿನ ಓಡಿದ್ದೆ.

ಹಾಳೆ ಕೈಗೆ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಅದೇ ಕೂಪನ್, ಅದೇ 7.50, ಅವಧಿಯನ್ನು ಮಾತ್ರ ಬದಲಿಸಿದೆ. ಎರಡು ವರ್ಷಕ್ಕೆ ಬೆಲೆ 98.25, ಹತ್ತಕ್ಕೆ 93.33, ಮೂವತ್ತಕ್ಕೆ 88.61. ಹದಿನೈದು ಪಟ್ಟು ಅವಧಿಗೆ ಹದಿನೈದು ಪಟ್ಟು ಇಳಿಕೆ ಇಲ್ಲ, ದೂರದ 48 ಪೈಸೆಗಳಿಗೆ ಇಂದು ಬೆಲೆ ಕಡಿಮೆ. ಇನ್ನೊಂದು ಸಂಜೆ ಯೀಲ್ಡನ್ನು 6.54ರಿಂದ ಒಂದು ಶೇಕಡಾ ಮೇಲೆ, ಒಂದು ಶೇಕಡಾ ಕೆಳಗೆ ಮಾಡಿ ನೋಡಿದೆ. ಏರಿದಾಗ ಹತ್ತು ವರ್ಷದ ಬಾಂಡ್ ಕಳೆದುಕೊಂಡದ್ದು 6.94, ಇಳಿದಾಗ ಗಳಿಸಿದ್ದು 7.60. ಯೀಲ್ಡ್ ಇಳಿದಾಗ ಮುಂದಿನ ಕಂತುಗಳನ್ನು ಭಾಗಿಸುವ ಸಂಖ್ಯೆಯೂ ಇಳಿಯುತ್ತದೆ, ಹಾಗಾಗಿ ಲಾಭದ ಕಡೆ ಸ್ವಲ್ಪ ಭಾರ ಹೆಚ್ಚು. ಈ ಎರಡು ಅಂಕಿಗಳನ್ನು ಈಗ ಪ್ರತಿ ಖರೀದಿಯ ಟಿಪ್ಪಣಿಯಲ್ಲೂ ಬರೆಯುತ್ತೇನೆ.

ರಾಜ್ಯದ ಸಾಲಪತ್ರಗಳಿಗೂ ಇದೇ ಸೂತ್ರ. ಆದರೆ ವಾರಗಟ್ಟಲೆ ವ್ಯವಹಾರವೇ ಆಗದ ಕರ್ನಾಟಕದ ಸಾಲಪತ್ರಕ್ಕೆ ಯಾವ ಯೀಲ್ಡ್ ತುಂಬಬೇಕು ಎಂಬುದಕ್ಕೆ ನನ್ನದೇ ಒಂದು ವಿಧಾನವಿದೆ. ನಾಲ್ಕು ವರ್ಷದ ಬೆವರು ಅದರಲ್ಲಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

2023ರ ಅಕ್ಟೋಬರ್‌ನಲ್ಲಿ `7.18% GS 2037` ಸುಮಾರು 98ಕ್ಕೆ ಸಿಗುತ್ತಿತ್ತು, ಯೀಲ್ಡ್ 7.40ರ ಹತ್ತಿರ. 2022ರ ಪೆಟ್ಟು ತಿಂದವರು ಉದ್ದದ ಅವಧಿ ಬೇಡವೇ ಬೇಡ ಎಂದರು. ಯೀಲ್ಡ್ 8.40 ಆದರೆ ಎಷ್ಟು ಹೋಗುತ್ತದೆ, 6.40 ಆದರೆ ಎಷ್ಟು ಬರುತ್ತದೆ ಎಂದು ಎರಡೂ ಕಡೆಯ ರೂಪಾಯಿ ಲೆಕ್ಕ ಮುಂದಿಟ್ಟೆ. ಎರಡು ಕೋಟಿಗೆ ಒಪ್ಪಿಗೆ ಸಿಕ್ಕಿತು. 2025ರ ಫೆಬ್ರವರಿಯಿಂದ ರೆಪೊ ದರ ಇಳಿಯತೊಡಗಿತು. ಮೇ ತಿಂಗಳಲ್ಲಿ ಯೀಲ್ಡ್ 6.40ರ ಆಸುಪಾಸಿಗೆ ಬಂದಾಗ 106.50ರ ಹತ್ತಿರ ಮಾರಿದೆವು. ಕೂಪನ್‌ಗಳನ್ನು ಬಿಟ್ಟು ಹದಿನಾರು ಲಕ್ಷಕ್ಕೂ ಮೇಲೆ ಲಾಭ. ಮಾರುವ ಮುನ್ನ ಬ್ರೋಕರ್‌ಗೆ ಫೋನ್ ಮಾಡಿ ಬೆಲೆಯನ್ನು ನಾನೇ ಮೊದಲು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಕೀಬೋರ್ಡ್ ಸದ್ದು ಕೇಳಿಸಿತು. ಆಮೇಲೆ, "ಸರಿ ಸಾರ್, ಅದೇ ಬರುತ್ತಿದೆ" ಎಂದರು.