‘ಯಾವ ಕುಡುಗೋಲು?’ ಅಂತ ಕೇಳಿದರೆ ‘ಎ’, ಕೇಳದಿದ್ದರೆ ‘ದಿ’

ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದುವ ನಮ್ಮ ಜಮಖಂಡಿ ಕಡೆಯ ಹುಡುಗರು ಚಕ್ರಬಡ್ಡಿಯನ್ನು ಬಾಯಲ್ಲೇ ಲೆಕ್ಕ ಹಾಕುತ್ತಾರೆ. ಅವರು ಮುಗ್ಗರಿಸುವುದು ‘ಎ’, ‘ಆ್ಯನ್’, ‘ದಿ’ ಎಂಬ ಮೂರು ಗಿಡ್ಡ ಶಬ್ದಗಳಿಗೆ. ಐಬಿಪಿಎಸ್ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿನ 30 ಪ್ರಶ್ನೆಗೆ ಸಿಗುವುದು 20 ನಿಮಿಷ. ಒಂದು ತಪ್ಪಿಗೆ ಕಾಲು ಅಂಕ ಹೋಗುತ್ತದೆ. ಉಳಿದ ಎರಡು ವಿಭಾಗ ಎಷ್ಟೇ ಚೆನ್ನಾಗಿ ಬರೆದರೂ ಇಂಗ್ಲಿಷಿನ ಕಟ್‌ಆಫ್ ದಾಟದಿದ್ದರೆ ಮನೆಗೆ. ಆರ್ಟಿಕಲ್ ಮೇಲೆ ನೇರ ಪ್ರಶ್ನೆ ಕಡಿಮೆ. ಆದರೆ ತಪ್ಪು ಹುಡುಕಿ ಎನ್ನುವ ವಾಕ್ಯಗಳಲ್ಲಿ, ಬಿಟ್ಟ ಸ್ಥಳ ತುಂಬುವಲ್ಲಿ ಅದು ಹೊಂಚು ಹಾಕಿ ಕೂತಿರುತ್ತದೆ.

ನನ್ನ ಅಕ್ಕನ ಮಗ ಕೃಷ್ಣಾ ದಂಡೆಯ ಹಳ್ಳಿಯವನು, ಹತ್ತನೆಯತನಕ ಕನ್ನಡ ಶಾಲೆ. ಹೋದ ವರ್ಷ ಇಂಗ್ಲಿಷಿನಲ್ಲೇ ಕೈಬಿಟ್ಟು ಬಂದ. ಅವನ ವಹಿ ತೆಗೆದು ನೋಡಿದೆ. ಕೋಚಿಂಗಿನಲ್ಲಿ ಕೊಟ್ಟ ಆರ್ಟಿಕಲ್ ನಿಯಮ ನಲವತ್ತೆರಡು, ಎಲ್ಲವೂ ಕೆಂಪು ಪೆನ್ನಿನ ಗೆರೆಯೊಂದಿಗೆ. ಮೊದಲ ಸಲ ಬಂದರೆ ‘ಎ’, ಎರಡನೇ ಸಲ ಬಂದರೆ ‘ದಿ’ ಎಂಬುದು ಒಂದನೆಯದು. ಆ ಒಂದೇ ನಿಯಮ ನಂಬಿ ಹುಡುಗ ಕೆಟ್ಟಿದ್ದ.

ಒಂದು ಭಾನುವಾರ ಅವರ ಮನೆಯ ಕಟ್ಟೆಯ ಮೇಲೆ ಕೂತು ಈ ಸಣ್ಣ ಪರಿಚ್ಛೇದ ಬರೆದುಕೊಟ್ಟೆ. ಗೆರೆ ಇದ್ದಲ್ಲಿ ಆರ್ಟಿಕಲ್ ತುಂಬಬೇಕು, ಬೇಡವಾದರೆ ಖಾಲಿ ಬಿಡಬೇಕು.

“ಯಸ್ಟರ್ಡೇ — ಫಾರ್ಮರ್ ಕೇಮ್ ಟು ಅವರ್ ಬ್ರ್ಯಾಂಚ್ ವಿತ್ — ಓಲ್ಡ್ ಪಾಸ್‌ಬುಕ್. — ಪಾಸ್‌ಬುಕ್ ವಾಸ್ ಟೋರ್ನ್. — ಮ್ಯಾನೇಜರ್ ಗೇವ್ ಹಿಮ್ — ಅಡ್ವೈಸ್ ಆ್ಯಂಡ್ — ಒನ್-ಪೇಜ್ ಫಾರ್ಮ್.”

ಅವನು ತುಂಬಿದ್ದು ಹೀಗೆ: ಎ ಫಾರ್ಮರ್, ಎ ಓಲ್ಡ್, ದಿ ಪಾಸ್‌ಬುಕ್, ಎ ಮ್ಯಾನೇಜರ್, ಆ್ಯನ್ ಅಡ್ವೈಸ್, ಆ್ಯನ್ ಒನ್-ಪೇಜ್. ಆರರಲ್ಲಿ ಎರಡು ಸರಿ.

“ಮ್ಯಾನೇಜರ್ ಮೊದಲನೇ ಸಲಾ ಬಂದಾನಲ್ಲ ಮಾಮಾ, ‘ಎ’ ಹಾಕೀನಿ. ತಪ್ಪೇನೈತಿ?” ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಹಿತ್ತಲಿಂದ ಅಕ್ಕನ ದನಿ ಬಂತು. “ಏ, ಕುಡಗೋಲ್ನ ತಗೊಂಬಾರೋ!”

“ಯಾವ ಕುಡಗೋಲಬೇ?”

“ಯಾವುದು ಅಂತ ಕೇಳ್ತಿಯಲ್ಲೋ ಖೋಡಿ, ಮನ್ಯಾಗ ಇರೋದ ಒಂದs ಕುಡಗೋಲ!”

ಎದ್ದು ಹೊರಟವನನ್ನು ತಡೆದು ಕೂರಿಸಿದೆ. ಅವನ ಪಾಠ ಅವರವ್ವನೇ ಮುಗಿಸಿದ್ದಳು. ಕುಡುಗೋಲಿನ ಮಾತು ಬಂದದ್ದು ಅಂದು ಅದೇ ಮೊದಲು. ಆದರೂ ಅಕ್ಕ ‘ಒಂದು ಕುಡುಗೋಲು’ ಅನ್ನಲಿಲ್ಲ. ಯಾವುದೆಂದು ಮಗನಿಗೆ ಗೊತ್ತೇ ಇರುತ್ತದೆ ಎಂಬುದು ಅವಳ ಎಣಿಕೆ. ಇಂಗ್ಲಿಷಿನವನು ಈ ಎಣಿಕೆಯನ್ನೇ ‘ದಿ’ ಎಂದು ಹೇಳುತ್ತಾನೆ. ಎಷ್ಟನೇ ಸಲ ಬಂತು ಎಂಬ ಲೆಕ್ಕ ಅಲ್ಲ ಅದು. ಕೇಳುವವನ ತಲೆಯಲ್ಲಿ ಆ ವಸ್ತು ಮೊದಲೇ ಕೂತಿದೆಯೋ ಇಲ್ಲವೋ ಎಂಬ ಲೆಕ್ಕ.

ಈಗ ಕೆಲಸದ ಕ್ರಮಕ್ಕೆ ಬರೋಣ.

ಮೊದಲ ಹೆಜ್ಜೆ ಒಂದು ಸಾಲಿನದು: ನಾಮಪದವನ್ನು ಹಿಡಿಯಿರಿ, ಅದು ಎಣಿಸುವಂಥದೋ ಅಲ್ಲವೋ, ಒಂದೋ ಹಲವೋ ನೋಡಿ.

ಎರಡನೆಯದರಲ್ಲೇ ಎಲ್ಲರೂ ಜಾರುವುದು. ನಾಮಪದದ ಮುಂದೆ ನಿಂತು, ಕೇಳುವವನ ಬಾಯಲ್ಲಿ ‘ಯಾವ?’ ಎಂಬ ಪ್ರಶ್ನೆ ಇಟ್ಟು ನೋಡಿ. ‘ನಿನ್ನೆ ರೈತ ಬಂದಿದ್ದ’ ಎಂದರೆ ಕೇಳುವವನು ‘ಯಾವ ರೈತ?’ ಎನ್ನುತ್ತಾನೆ. ಅವನಿಗೆ ಗೊತ್ತಿಲ್ಲ, ಹಾಗಾಗಿ ‘ಎ ಫಾರ್ಮರ್’. ‘ಪಾಸ್‌ಬುಕ್ ಹರಿದಿತ್ತು’ ಎಂದರೆ ಕೇಳುವುದಿಲ್ಲ. ಈಗಷ್ಟೇ ಹೇಳಿದ್ದೀರಿ, ಹಾಗಾಗಿ ‘ದಿ’. ‘ಮ್ಯಾನೇಜರ್’ ಎಂದರೂ ಕೇಳುವುದಿಲ್ಲ. ಒಂದು ಶಾಖೆಗೆ ಮ್ಯಾನೇಜರ್ ಒಬ್ಬನೇ, ಮನೆಯ ಕುಡುಗೋಲಿನ ಹಾಗೆ. ಅದೇ ಜಾಗದಲ್ಲಿ ‘ಕ್ಲರ್ಕ್’ ಇದ್ದಿದ್ದರೆ? ಕೌಂಟರಿನಲ್ಲಿ ನಾಲ್ಕು ಜನ ಕೂತಿರುತ್ತಾರೆ, ‘ಯಾವ ಕ್ಲರ್ಕ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿ ‘ಎ ಕ್ಲರ್ಕ್’. ಸೂರ್ಯ, ಚಂದ್ರನಿಗೆ ‘ದಿ’ ಹಾಕಿ ಎಂದು ಪುಸ್ತಕದಲ್ಲಿ ಬೇರೆ ನಿಯಮ ಕೊಟ್ಟಿರುತ್ತಾರೆ. ಅದೂ ಇದೇ ಕುಡುಗೋಲು. ‘ಯಾವ ಸೂರ್ಯ?’ ಎಂದು ಕೇಳುವವರು ಯಾರಿದ್ದಾರೆ?

ನಾಮಪದ ಆದ ಮೇಲೆ ವಿವರ ಅಂಟಿಕೊಂಡಿದ್ದರೆ ‘ದಿ’ ಹಾಕಿ ಎನ್ನುವ ಶಾರ್ಟ್‌ಕಟ್ ಒಂದಿದೆ. ಅದನ್ನು ನಂಬಬೇಡಿ. ‘ದಿ ಲೋನ್ ಹಿ ಟುಕ್ ಲಾಸ್ಟ್ ಇಯರ್’ ಎಂಬಲ್ಲಿ ಅವನು ಹೋದ ವರ್ಷ ತೆಗೆದ ಸಾಲ ಇಂಥದ್ದೇ ಎಂದು ಗುರುತು ಸಿಕ್ಕಿತು, ‘ದಿ’ ಸರಿ. ‘ಹಿ ಹ್ಯಾಸ್ ಎ ಫ್ರೆಂಡ್ ಹೂ ವರ್ಕ್ಸ್ ಇನ್ ಎ ಬ್ಯಾಂಕ್’ ಎಂಬಲ್ಲೂ ವಿವರ ಇದೆ. ಆದರೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳೆಯರು ಎಷ್ಟು ಮಂದಿಯಾದರೂ ಇರಬಹುದು. ಯಾವ ಗೆಳೆಯ ಎಂದು ಇನ್ನೂ ಗೊತ್ತಾಗಲಿಲ್ಲ. ವಿವರದ ಉದ್ದ ನೋಡಬೇಡಿ, ‘ಯಾವ?’ ಸತ್ತಿತೋ ಇಲ್ಲವೋ ನೋಡಿ.

ಅಕ್ಕನ ಮಾತಿನಲ್ಲಿ ಇನ್ನೊಂದು ಗುಟ್ಟೂ ಇತ್ತು. ಅವಳು ‘ಕುಡಗೋಲ’ ಎನ್ನದೆ ‘ಕುಡಗೋಲ್ನ’ ಎಂದಳು. ‘ಸಂತ್ಯಾಗ ಕುಡಗೋಲ ತಗೊಂಡೆ’ ಎಂದರೆ ಯಾವುದೋ ಒಂದು. ‘ಕುಡಗೋಲ್ನ ತಗೊಂಡೆ’ ಎಂದರೆ ಇಬ್ಬರಿಗೂ ಗೊತ್ತಿದ್ದದ್ದು. ನಮ್ಮಲ್ಲಿ ಆರ್ಟಿಕಲ್ ಇಲ್ಲ ನಿಜ, ಅದರ ಕೆಲಸದಲ್ಲಿ ಒಂದಿಷ್ಟನ್ನು ಈ ‘ಅನ್ನು’ ಮಾಡುತ್ತದೆ. ಹಾಗಾಗಿ ಇಂಗ್ಲಿಷ್ ವಾಕ್ಯವನ್ನು ಮನೆಯ ಮಾತಿಗೆ ತಂದು, ‘ಅನ್ನು’ ಬರುತ್ತದೆಯೋ ಎಂದು ಕಿವಿಗೊಡುವುದು ಒಳ್ಳೆಯ ತಾಳೆ. ಎರಡು ಎಚ್ಚರಿಕೆ. ಇದು ವಸ್ತುಗಳಿಗೆ ಮಾತ್ರ. ಮನುಷ್ಯರಿಗಾದರೆ ‘ಒಬ್ಬ ಹುಡುಗನ್ನ ನೋಡಿದೆ’ ಎಂದು ಗೊತ್ತಿಲ್ಲದವನಿಗೂ ‘ಅನ್ನು’ ಹಚ್ಚುತ್ತೇವೆ. ಮತ್ತೆ, ಪುಸ್ತಕದ ಕನ್ನಡಕ್ಕೆ ಅನುವಾದಿಸಬೇಡಿ. ಅಲ್ಲಿ ‘ಅನ್ನು’ವನ್ನು ಕಂಡಲ್ಲೆಲ್ಲ ಸುರಿದಿರುತ್ತಾರೆ, ತಾಳೆ ಕೆಡುತ್ತದೆ.

ಕನ್ನಡ ಪೂರಾ ಕೈಕೊಡುವ ಜಾಗವೂ ಒಂದಿದೆ. ‘ಅವನು ಕ್ಲರ್ಕ್’ ಎನ್ನುವಾಗ ನಾವು ‘ಒಬ್ಬ’ ಹಾಕುವುದಿಲ್ಲ. ಅದಕ್ಕೇ ‘ಹಿ ಈಸ್ ಕ್ಲರ್ಕ್’ ಎಂಬುದು ನಮ್ಮ ಹುಡುಗರ ಕಣ್ಣಿಗೆ ತಪ್ಪಾಗಿ ಕಾಣುವುದೇ ಇಲ್ಲ. ಎಣಿಸಬಹುದಾದ ಒಂದೇ ಒಂದು ವಸ್ತು ಅಥವಾ ಮನುಷ್ಯ ಇಂಗ್ಲಿಷಿನಲ್ಲಿ ಬರಿಮೈಯಲ್ಲಿ ನಿಲ್ಲುವಂತಿಲ್ಲ. ಎ, ದಿ, ಮೈ, ದಿಸ್, ಏನಾದರೂ ಒಂದು ಹೊದ್ದಿರಬೇಕು. ತಪ್ಪು ಹುಡುಕುವ ಪ್ರಶ್ನೆಯಲ್ಲಿ ನಾನು ಮೊದಲು ಹುಡುಕಿಸುವುದೇ ಈ ಬರಿಮೈಯನ್ನು. ಬಹುವಚನಕ್ಕೆ, ಎಣಿಸಲು ಬಾರದ್ದಕ್ಕೆ ಆ ಕಟ್ಟುಪಾಡಿಲ್ಲ. ‘ರೈತರು ಕಬ್ಬು ಬೆಳೀತಾರೆ’ ಎಂದು ಎಲ್ಲರ ಮಾತು ಆಡುವಾಗ ‘ಫಾರ್ಮರ್ಸ್ ಗ್ರೋ ಶುಗರ್‌ಕೇನ್’, ಎರಡೂ ಖಾಲಿ.

ಮೂರನೇ ಹೆಜ್ಜೆ ‘ಎ’ಯೋ ‘ಆ್ಯನ್’ಓ ಎಂಬುದು. ಐದು ಇಂಗ್ಲಿಷ್ ಸ್ವರಾಕ್ಷರ ಬಾಯಿಪಾಠ ಮಾಡಿಸುವ ಪದ್ಧತಿಯನ್ನು ನಾನು ಕಸದ ಬುಟ್ಟಿಗೆ ಹಾಕಿ ಬಹಳ ದಿನವಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಅಗ್ಗದ ಗೈಡೊಂದು ಅದನ್ನೇ ಹಿಡಿದು ‘ಆ್ಯನ್ ಯೂನಿವರ್ಸಿಟಿ’ ಎಂದು ಉತ್ತರ ಅಚ್ಚು ಹಾಕಿದೆ. ನೀವು ಹೀಗೆ ಮಾಡಿ: ಆರ್ಟಿಕಲ್ ಆದ ಕೂಡಲೇ ಬರುವ ಶಬ್ದವನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಮೊದಲ ಅಕ್ಷರ ಅ, ಆ, ಇ, ಈ ಸಾಲಿನದಾದರೆ ‘ಆ್ಯನ್’, ಕಾಗುಣಿತದ್ದಾದರೆ ‘ಎ’. ಯೂನಿವರ್ಸಿಟಿ, ಯುಪಿಐ ಪೇಮೆಂಟ್ ಎರಡಕ್ಕೂ ‘ಎ’. ಅವರ್ ಎಂದರೆ ಗಂಟೆ, ಇಂಗ್ಲಿಷಿನಲ್ಲಿ ಎಚ್ ಇಂದ ಶುರುವಾದರೂ ಕನ್ನಡದಲ್ಲಿ ‘ಅ’, ಹಾಗಾಗಿ ‘ಆ್ಯನ್’. ಎಲ್‌ಐಸಿ ಪಾಲಿಸಿ, ಆರ್‌ಬಿಐ ಸರ್ಕ್ಯುಲರ್ ಎರಡಕ್ಕೂ ‘ಆ್ಯನ್’. ನೋಡಬೇಕಾದ್ದು ಪಕ್ಕದ ಶಬ್ದ, ದೂರದ ನಾಮಪದ ಅಲ್ಲ. ‘ಎ ಪಾಸ್‌ಬುಕ್’ ಆದರೂ ‘ಆ್ಯನ್ ಓಲ್ಡ್ ಪಾಸ್‌ಬುಕ್’.

ಈ ಉಪಾಯದಲ್ಲಿ ತೂತುಗಳಿವೆ. ‘ಒನ್’ ಎಂದು ಬರೆದರೂ ಇಂಗ್ಲಿಷ್ ಬಾಯಲ್ಲಿ ಅದು ‘ವನ್’. ಅದಕ್ಕೇ ‘ಎ ಒನ್-ಟೈಮ್ ಪಾಸ್‌ವರ್ಡ್’, ಅದನ್ನೇ ಗಿಡ್ಡ ಮಾಡಿದರೆ ‘ಆ್ಯನ್ ಓಟಿಪಿ’. ಇನ್ನೊಂದು ತೂತು ನಮ್ಮ ನಾಲಿಗೆಯದೇ. ಎಲ್ಲ ಎಂಬುದನ್ನು ಯೆಲ್ಲ ಎನ್ನುವವರು ನಾವು. ಎಂಎಲ್ಎಯನ್ನು ‘ಯಮ್ಮೆಲ್ಲೆ’ ಎಂದು ಉಚ್ಚರಿಸಿ ಬರೆದರೆ ‘ಯ’ ಬಂದು ‘ಎ’ ಹಾಕಿಬಿಡುತ್ತೀರಿ. ಬೇಕಾದ್ದು ‘ಆ್ಯನ್’. ಎನ್‌ಇಎಫ್‌ಟಿಯಂಥವನ್ನು ಒಂದೊಂದೇ ಅಕ್ಷರವಾಗಿ ಓದಿದರೆ ‘ಆ್ಯನ್’, ‘ನೆಫ್ಟ್’ ಎಂದು ಶಬ್ದವಾಗಿ ಓದಿದರೆ ‘ಎ’. ನಬಾರ್ಡ್ ಹೇಗೂ ಶಬ್ದವಾಗಿಯೇ ಓದುವುದು, ‘ಎ ನಬಾರ್ಡ್ ಸ್ಕೀಮ್’.

ನದಿಗೆ ‘ದಿ’ ಬೇಕು, ಊರಿಗೆ ಬೇಡ: ದಿ ಕೃಷ್ಣಾ, ದಿ ಘಟಪ್ರಭಾ, ಬರೇ ಬಾಗಲಕೋಟೆ. ಇಂಥವನ್ನು ಮಾತ್ರ ಬಾಯಿಪಾಠ ಮಾಡಿ, ಹತ್ತು ನಿಮಿಷದ ಕೆಲಸ.

ಕುಡುಗೋಲು ಕೊಟ್ಟು ಬಂದ ಅಳಿಯ ಅದೇ ಪರಿಚ್ಛೇದ ಮತ್ತೆ ತುಂಬಿದ. ಪ್ರತಿ ಗೆರೆಯ ಮುಂದೆ ತುಟಿ ಅಲ್ಲಾಡಿಸುತ್ತ ‘ಯಾವ? ಯಾವ?’ ಎನ್ನುತ್ತಿದ್ದ. ಎ ಫಾರ್ಮರ್, ಆ್ಯನ್ ಓಲ್ಡ್ ಪಾಸ್‌ಬುಕ್, ದಿ ಪಾಸ್‌ಬುಕ್, ದಿ ಮ್ಯಾನೇಜರ್, ಎ ಒನ್-ಪೇಜ್ ಫಾರ್ಮ್. ಐದು ಸರಿ. ‘ಆ್ಯನ್ ಅಡ್ವೈಸ್’ ಮಾತ್ರ ಹಾಗೇ ಇತ್ತು.

“ಒಂದ ಸಲಹೆ ಅಂತೀವಲ್ಲ ಮಾಮಾ?”

ಅನ್ನುತ್ತೇವೆ, ಆದರೆ ಇಂಗ್ಲಿಷಿನಲ್ಲಿ ಅಡ್ವೈಸ್ ಎಂದರೆ ಹಿಟ್ಟು, ನೀರಿನ ಜಾತಿ. ಎಣಿಸಲು ಬರುವುದಿಲ್ಲ, ಆ ಗೆರೆ ಖಾಲಿಯೇ ಇರಬೇಕು. ಒಂದೇ ಬೇಕೆಂದರೆ ‘ಎ ಪೀಸ್ ಆಫ್ ಅಡ್ವೈಸ್’ ಎಂದು ತುಂಡು ಮಾಡಬೇಕು. ಇನ್ಫರ್ಮೇಶನ್, ಫರ್ನಿಚರ್, ಲಗೇಜ್, ನ್ಯೂಸ್ ಇವಕ್ಕೂ ಅದೇ ಗತಿ. ಇಲ್ಲಿ ‘ಯಾವ?’ ಕೇಳಿದರೂ ಮನೆಯ ಕನ್ನಡ ಕೇಳಿದರೂ ದಾರಿ ಸಿಗದು, ಪಟ್ಟಿ ಮಾಡಿ ದಿನಾ ನೋಡಬೇಕು.

ಅವನು ಆ ಐದು ಶಬ್ದಗಳನ್ನು ಸೀಮೆಸುಣ್ಣದಿಂದ ಅಡುಗೆಮನೆ ಬಾಗಿಲ ಹಿಂದೆ ಬರೆದ. ಮರುದಿನ ಬೆಳಿಗ್ಗೆ ಆಯಿ ಅದನ್ನು ನೋಡಿ ಕೇಳಿದಳಂತೆ: “ಇದ ಯಾರ ಮನೀ ಹಾಲಿನ ಲೆಕ್ಕೋ?”